ಕಂತು ಅಷ್ಟೇ, ಅವಧಿ ಮಾತ್ರ ಉದ್ದ: ರೆಪೊ ದರ ಏರಿದಾಗ ಗೃಹಸಾಲದೊಳಗೆ ನಡೆಯುವುದೇನು?

ಬದಲಾಗುವ ಬಡ್ಡಿದರದ ಗೃಹಸಾಲದ ಲೆಕ್ಕ ನಾಲ್ಕು ಸಂಖ್ಯೆಗಳ ಮೇಲೆ ನಿಂತಿರುತ್ತದೆ. ಬಾಕಿ ಅಸಲು, ಬಡ್ಡಿದರ, ತಿಂಗಳ ಕಂತು ಮತ್ತು ತೀರಿಸಬೇಕಾದ ಅವಧಿ. ಮೂರು ಗೊತ್ತಾದರೆ ನಾಲ್ಕನೆಯದು ತಾನಾಗಿಯೇ ನಿರ್ಧಾರವಾಗುತ್ತದೆ. ಬಾಕಿ ಅಸಲನ್ನು ಯಾರೂ ಇದ್ದಕ್ಕಿದ್ದಂತೆ ಬದಲಿಸಲಾಗದು. ಬಡ್ಡಿದರವನ್ನು ಬದಲಿಸುವ ಶಕ್ತಿ ಸಾಲಗಾರನ ಕೈಯಲ್ಲೂ ಇಲ್ಲ, ಸಾಲ ಕೊಟ್ಟ ಶಾಖೆಯ ಕೈಯಲ್ಲೂ ಇಲ್ಲ. ಹಾಗಾಗಿ ದರ ಏರಿದ ದಿನ ಹೊಂದಿಕೊಳ್ಳಬೇಕಾದದ್ದು ಉಳಿದ ಎರಡರಲ್ಲಿ ಒಂದು: ಕಂತು ಹೆಚ್ಚಬೇಕು, ಇಲ್ಲವೇ ಅವಧಿ ಉದ್ದವಾಗಬೇಕು. ಭಾರತದ ಬ್ಯಾಂಕುಗಳು ಬಹುಕಾಲದಿಂದ ಕಂತನ್ನು ಹಾಗೆಯೇ ಬಿಟ್ಟು ಅವಧಿಯನ್ನು ಹಿಗ್ಗಿಸುತ್ತ ಬಂದಿವೆ. ಖಾತೆಯಿಂದ ಪ್ರತಿ ತಿಂಗಳು ಕಡಿತವಾಗುವ ಮೊತ್ತ ಬದಲಾಗದ ಕಾರಣ, ಸಾಲದ ಕೊನೆಯ ದಿನ ಎಷ್ಟು ದೂರ ಸರಿದಿದೆ ಎಂಬುದು ಎಷ್ಟೋ ಸಾಲಗಾರರಿಗೆ ಗೊತ್ತೇ ಆಗುವುದಿಲ್ಲ.

ರೆಪೊ ದರ ಸಾಲದವರೆಗೆ ಬರುವ ದಾರಿ

ಬ್ಯಾಂಕುಗಳಿಗೆ ಅಲ್ಪಾವಧಿಗೆ ಹಣ ಕೊಡುವಾಗ ಭಾರತೀಯ ರಿಸರ್ವ್ ಬ್ಯಾಂಕ್ ವಿಧಿಸುವ ಬಡ್ಡಿಯೇ ರೆಪೊ ದರ. ಅದನ್ನು ತೀರ್ಮಾನಿಸುವುದು ಆರು ಸದಸ್ಯರ ಹಣಕಾಸು ನೀತಿ ಸಮಿತಿ. ಈ ದರ ಹಿಂದೆಯೂ ಗೃಹಸಾಲದ ಬಡ್ಡಿಯ ಮೇಲೆ ಪರಿಣಾಮ ಬೀರುತ್ತಿತ್ತು, ಆದರೆ ಬಳಸುದಾರಿಯಲ್ಲಿ. 2010ರ ಜುಲೈನಿಂದ ಬ್ಯಾಂಕುಗಳು ‘ಬೇಸ್ ರೇಟ್’ ಎಂಬ ಮೂಲದರವನ್ನು, 2016ರ ಏಪ್ರಿಲ್‌ನಿಂದ ‘ಎಂಸಿಎಲ್‌ಆರ್’ ಎಂಬ ದರವನ್ನು ಆಧಾರವಾಗಿ ಬಳಸಿದವು. ಎರಡನ್ನೂ ಲೆಕ್ಕ ಹಾಕುತ್ತಿದ್ದುದು ಬ್ಯಾಂಕುಗಳೇ, ತಮ್ಮ ಸ್ವಂತ ವೆಚ್ಚವನ್ನು ಆಧರಿಸಿ. ಹೀಗಾಗಿ ರೆಪೊ ದರದ ಏರಿಳಿತ ಸಾಲಗಾರನನ್ನು ತಲುಪುವುದು ತಡವಾಗುತ್ತಿತ್ತು, ತಲುಪಿದರೂ ಪೂರ್ತಿ ತಲುಪುತ್ತಿರಲಿಲ್ಲ.

2019ರ ಅಕ್ಟೋಬರ್ 1ರಿಂದ ಈ ವ್ಯವಸ್ಥೆ ಬದಲಾಯಿತು. ಅಂದಿನಿಂದ ಬ್ಯಾಂಕುಗಳು ಕೊಡುವ ಬದಲಾಗುವ ದರದ ಹೊಸ ಗೃಹಸಾಲಗಳೆಲ್ಲ ಹೊರಗಿನ ಯಾವುದಾದರೊಂದು ಮಾನದಂಡಕ್ಕೆ ಜೋಡಣೆಯಾಗಿರಬೇಕು ಎಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿತು. ಹೆಚ್ಚಿನ ಬ್ಯಾಂಕುಗಳು ರೆಪೊ ದರವನ್ನೇ ಆರಿಸಿಕೊಂಡವು. ಸಾಲದ ದರವೆಂದರೆ ರೆಪೊ ದರ ಮತ್ತು ಅದರ ಮೇಲೆ ಬ್ಯಾಂಕ್ ಸೇರಿಸುವ ಅಂತರ. ರೆಪೊ ಶೇ 4 ಇದ್ದು ಅಂತರ ಶೇ 3 ಇದ್ದರೆ ಸಾಲದ ದರ ಶೇ 7. ಕನಿಷ್ಠ ಮೂರು ತಿಂಗಳಿಗೊಮ್ಮೆ ಇದನ್ನು ಮರುಹೊಂದಿಸಲೇಬೇಕು. ಆದ್ದರಿಂದ ಮುಂಬೈಯಲ್ಲಿ ಪ್ರಕಟವಾದ ಏರಿಕೆ ಹೆಚ್ಚೆಂದರೆ ಒಂದು ತ್ರೈಮಾಸಿಕದೊಳಗೆ ಇಡಿಯಾಗಿ ಸಾಲದ ಖಾತೆಗೆ ಬಂದು ಬೀಳುತ್ತದೆ. ಈ ನಿಯಮ ಬ್ಯಾಂಕುಗಳಿಗೆ ಸಂಬಂಧಿಸಿದ್ದು. ಗೃಹಸಾಲ ಕಂಪನಿಗಳು ತಮ್ಮದೇ ಆಧಾರದರವನ್ನು ಬಳಸುವುದುಂಟು, ಆದರೆ ಕಂತು ಮತ್ತು ಅವಧಿಯ ಲೆಕ್ಕ ಅಲ್ಲಿಯೂ ಇದೇ.

ಈ ಹೊಸ ಜೋಡಣೆಯ ಬಿಸಿ ಮೊದಲ ಬಾರಿ ಜೋರಾಗಿ ತಟ್ಟಿದ್ದು 2022ರಲ್ಲಿ. ಕೋವಿಡ್ ಕಾಲದಲ್ಲಿ ಶೇ 4ಕ್ಕೆ ಇಳಿದಿದ್ದ ರೆಪೊ ದರ ಎರಡು ವರ್ಷ ಅಲ್ಲೇ ನಿಂತಿತ್ತು. ಬೆಲೆಯೇರಿಕೆಯನ್ನು ತಡೆಯಲು 2022ರ ಮೇ 4ರಂದು ಅದನ್ನು ಶೇ 4.40ಕ್ಕೆ ಏರಿಸಲಾಯಿತು. ಆಮೇಲೆ ಜೂನ್, ಆಗಸ್ಟ್, ಸೆಪ್ಟೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಮತ್ತೆ ಮತ್ತೆ ಏರಿ, 2023ರ ಫೆಬ್ರವರಿ 8ರಂದು ಶೇ 6.50 ಮುಟ್ಟಿತು. ಒಂಬತ್ತೇ ತಿಂಗಳಲ್ಲಿ ಆರು ಏರಿಕೆ, ಒಟ್ಟು ಎರಡೂವರೆ ಶೇಕಡಾ ಅಂಶ.

ಒಂದು ಕಂತಿನ ಒಳಗೆ

ಅವಧಿ ಏಕೆ ಹಿಗ್ಗುತ್ತದೆ ಎಂದು ತಿಳಿಯಲು ಒಂದೇ ಒಂದು ಕಂತನ್ನು ಬಿಡಿಸಿ ನೋಡಿದರೆ ಸಾಕು. ಉದಾಹರಣೆಗೆ ಒಬ್ಬರು 30 ಲಕ್ಷ ರೂಪಾಯಿ ಸಾಲವನ್ನು ಶೇ 7ರ ದರದಲ್ಲಿ 20 ವರ್ಷಕ್ಕೆ, ಅಂದರೆ 240 ತಿಂಗಳಿಗೆ ಪಡೆದಿದ್ದಾರೆ ಎಂದುಕೊಳ್ಳೋಣ. ಅವರ ತಿಂಗಳ ಕಂತು 23,259 ರೂಪಾಯಿ.

ಕಂತು ಕಟ್ಟಿದ ತಕ್ಷಣ ಬ್ಯಾಂಕ್ ಮೊದಲು ಆ ತಿಂಗಳ ಬಡ್ಡಿಯನ್ನು ಮುರಿದುಕೊಳ್ಳುತ್ತದೆ. ಉಳಿದದ್ದು ಮಾತ್ರ ಅಸಲಿಗೆ ಜಮೆಯಾಗುತ್ತದೆ. 30 ಲಕ್ಷಕ್ಕೆ ಶೇ 7ರಂತೆ ಒಂದು ತಿಂಗಳ ಬಡ್ಡಿ 17,500 ರೂಪಾಯಿ. ಹಾಗಾಗಿ ಮೊದಲ ಕಂತಿನಲ್ಲಿ ಅಸಲಿಗೆ ಹೋಗುವುದು 5,759 ರೂಪಾಯಿ ಮಾತ್ರ. ಮುಂದಿನ ತಿಂಗಳು ಅಸಲು ಅಷ್ಟು ಕಡಿಮೆಯಾಗಿರುವುದರಿಂದ ಬಡ್ಡಿಯೂ ತುಸು ಇಳಿಯುತ್ತದೆ, ಅಸಲಿಗೆ ತುಸು ಹೆಚ್ಚು ಹೋಗುತ್ತದೆ. ಈ ಸಣ್ಣ ಸಣ್ಣ ಏರಿಕೆಗಳೇ 240 ತಿಂಗಳ ಉದ್ದಕ್ಕೂ ಬೆಳೆಯುತ್ತ ಹೋಗಿ ಕೊನೆಯ ವರ್ಷಗಳಲ್ಲಿ ಕಂತಿನ ಬಹುಪಾಲು ಅಸಲಿಗೇ ಸಲ್ಲುವಂತೆ ಮಾಡುತ್ತವೆ. ಸಾಲ ತೀರುವುದು ಕಂತಿನಿಂದಲ್ಲ, ಕಂತಿನೊಳಗೆ ಬಡ್ಡಿ ಕಳೆದು ಉಳಿಯುವ ಆ ಭಾಗದಿಂದ.

ಈಗ ದರ ಅರ್ಧ ಶೇಕಡಾ ಏರಿ ಶೇ 7.5 ಆಯಿತೆನ್ನಿ. ಅಸಲು ಇನ್ನೂ 30 ಲಕ್ಷದ ಆಸುಪಾಸಿನಲ್ಲೇ ಇದೆ. ತಿಂಗಳ ಬಡ್ಡಿ 18,750 ರೂಪಾಯಿಗೆ ಏರುತ್ತದೆ. ಕಂತು ಹಾಗೆಯೇ ಇದ್ದರೆ ಅಸಲಿಗೆ ಉಳಿಯುವುದು 4,509 ರೂಪಾಯಿ. ಬಡ್ಡಿ ಹೆಚ್ಚಿದ್ದು ನೂರಕ್ಕೆ ಏಳು ಪಾಲಿನಷ್ಟು, ಆದರೆ ಅಸಲಿನ ಭಾಗ ಕುಸಿದದ್ದು ನೂರಕ್ಕೆ ಇಪ್ಪತ್ತೆರಡು ಪಾಲಿನಷ್ಟು. ಕಂತಿನಲ್ಲಿ ದೊಡ್ಡ ಪಾಲು ಬಡ್ಡಿಯದು, ಸಣ್ಣ ಪಾಲು ಅಸಲಿನದು. ದೊಡ್ಡ ಪಾಲು ಸ್ವಲ್ಪ ಹಿಗ್ಗಿದರೂ ಸಣ್ಣ ಪಾಲು ಬಹಳ ಕುಗ್ಗುತ್ತದೆ.

ದರ ಮೆಟ್ಟಿಲು ಮೆಟ್ಟಿಲಾಗಿ ಏರಿದರೆ, ಕಂತು 23,259 ರೂಪಾಯಿಯಲ್ಲೇ ನಿಂತರೆ ಏನಾಗುತ್ತದೆ ಎಂಬುದನ್ನು ಕೆಳಗಿನ ಪಟ್ಟಿ ತೋರಿಸುತ್ತದೆ. ಲೆಕ್ಕ ಸರಳವಾಗಿರಲೆಂದು ಪ್ರತಿ ಸಾಲಿನಲ್ಲೂ ಬಾಕಿ ಅಸಲನ್ನು 30 ಲಕ್ಷವೆಂದೇ ಹಿಡಿಯಲಾಗಿದೆ.

| ಬಡ್ಡಿದರ | ತಿಂಗಳ ಬಡ್ಡಿ (ರೂ.) | ಅಸಲಿಗೆ ಉಳಿಯುವುದು (ರೂ.) | ಸಾಲ ತೀರಲು ಬೇಕಾದ ತಿಂಗಳು |
|---|---|---|---|
| ಶೇ 7.0 | 17,500 | 5,759 | 240 |
| ಶೇ 7.5 | 18,750 | 4,509 | 264 |
| ಶೇ 8.0 | 20,000 | 3,259 | 296 |
| ಶೇ 8.5 | 21,250 | 2,009 | 347 |
| ಶೇ 9.0 | 22,500 | 759 | 458 |
| ಶೇ 9.5 | 23,750 | ಇಲ್ಲ | ತೀರುವುದೇ ಇಲ್ಲ |

ಪ್ರತಿ ಮೆಟ್ಟಿಲೂ ಅರ್ಧ ಶೇಕಡಾದ್ದೇ. ಆದರೆ ಮೊದಲ ಮೆಟ್ಟಿಲು ಸೇರಿಸುವುದು ಎರಡು ವರ್ಷ, ಎರಡನೆಯದು ಎರಡೂಮುಕ್ಕಾಲು ವರ್ಷದ ಹತ್ತಿರ, ಮೂರನೆಯದು ನಾಲ್ಕು ವರ್ಷಕ್ಕಿಂತ ಹೆಚ್ಚು, ನಾಲ್ಕನೆಯದು ಒಂಬತ್ತು ವರ್ಷಕ್ಕಿಂತ ಹೆಚ್ಚು. 35ನೇ ವಯಸ್ಸಿನಲ್ಲಿ ಸಾಲ ಮಾಡಿದವರು 55ಕ್ಕೆ ಋಣಮುಕ್ತರಾಗುವ ಲೆಕ್ಕ ಹಾಕಿದ್ದರೆ, ಶೇ 8.5ರಲ್ಲಿ ಅದು 64ಕ್ಕೆ, ಶೇ 9ರಲ್ಲಿ 73ಕ್ಕೆ ಸರಿಯುತ್ತದೆ.

ಅವಧಿ ಹೀಗೆ ನಾಗಾಲೋಟದಲ್ಲಿ ಬೆಳೆಯಲು ಕಾರಣ ಚಕ್ರಬಡ್ಡಿಯ ಗಣಿತ. ಮೊದಲ ತಿಂಗಳು ಅಸಲಿಗೆ ಕಡಿಮೆ ಜಮೆಯಾದರೆ ಎರಡನೆಯ ತಿಂಗಳಿನ ಬಡ್ಡಿ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಆಗ ಎರಡನೆಯ ತಿಂಗಳೂ ಅಸಲಿಗೆ ಕಡಿಮೆ ಜಮೆಯಾಗುತ್ತದೆ. ಮೊದಲ ವರ್ಷದ ಕೊರತೆಯ ಮೇಲೆ ಮುಂದಿನ ಎಲ್ಲ ವರ್ಷಗಳೂ ಬಡ್ಡಿ ಕಟ್ಟುತ್ತ ಹೋಗುತ್ತವೆ. ಶೇ 9ರಲ್ಲಿ ಮೊದಲ ತಿಂಗಳು ಅಸಲಿಗೆ ಸೇರುವುದು 759 ರೂಪಾಯಿ. 30 ಲಕ್ಷದ ಸಾಲವನ್ನು ಅಷ್ಟು ಸಣ್ಣ ಮೊತ್ತದಿಂದ ಕರಗಿಸಲು ಶುರುಮಾಡಿದರೆ ಅದು ವೇಗ ಪಡೆಯುವ ಹೊತ್ತಿಗೆ ದಶಕಗಳೇ ಕಳೆದಿರುತ್ತವೆ.

ಹಳೆಯ ಸಾಲಕ್ಕೆ ಏಟು ಸಣ್ಣದು

ಇದೇ ಸಾಲವನ್ನು 15 ವರ್ಷ ಹಿಂದೆ ಮಾಡಿ, ಇನ್ನು 60 ಕಂತು ಉಳಿಸಿಕೊಂಡವರ ಸ್ಥಿತಿ ಬೇರೆ. ಆ ಹೊತ್ತಿಗೆ ಅವರ ಬಾಕಿ ಅಸಲು ಸುಮಾರು 11.75 ಲಕ್ಷಕ್ಕೆ ಇಳಿದಿರುತ್ತದೆ. ದರ ಶೇ 7ರಿಂದ ಒಮ್ಮೆಗೇ ಶೇ 9.5ಕ್ಕೆ ಹಾರಿದರೂ ತಿಂಗಳ ಬಡ್ಡಿ ಸುಮಾರು 9,300 ರೂಪಾಯಿ. ಕಂತಿನಲ್ಲಿ ಅಸಲಿಗೆ ಇನ್ನೂ 14,000 ರೂಪಾಯಿಯಷ್ಟು ಉಳಿಯುತ್ತದೆ. ಅವರಿಗೆ 60ರ ಬದಲು 65 ಕಂತಾಗುತ್ತದೆ, ಅಷ್ಟೆ. ಅರ್ಧ ದಾರಿ ಸವೆಸಿ 120 ಕಂತು ಉಳಿದವರಿಗೆ ಇದೇ ಏರಿಕೆಯಿಂದ 26 ಕಂತು ಸೇರುತ್ತದೆ.

ಹೀಗಾಗಿ ‘ದರ ಎರಡೂವರೆ ಶೇಕಡಾ ಏರಿದರೆ ಅವಧಿ ಎಷ್ಟು ಹೆಚ್ಚುತ್ತದೆ’ ಎಂಬ ಪ್ರಶ್ನೆಗೆ ಎಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಉತ್ತರ ಇರುವುದು ಕಂತಿನೊಳಗಿನ ಪಾಲಿನಲ್ಲಿ. ದೀರ್ಘ ಅವಧಿಗೆ, ಇತ್ತೀಚೆಗಷ್ಟೇ ಸಾಲ ಪಡೆದವರ ಕಂತಿನಲ್ಲಿ ಅಸಲಿನ ಪಾಲು ಅತ್ಯಂತ ತೆಳುವಾಗಿರುತ್ತದೆ. 2021ರಲ್ಲಿ ಮತ್ತು 2022ರ ಆರಂಭದಲ್ಲಿ ಅಗ್ಗದ ಬಡ್ಡಿಗೆ ಮನೆ ಕೊಂಡವರೇ ಮುಂದಿನ ವರ್ಷ ಹೆಚ್ಚು ತೊಂದರೆಗೆ ಸಿಕ್ಕಿದ್ದು ಇದೇ ಕಾರಣಕ್ಕೆ.

ಕಂತನ್ನು ಮುಟ್ಟದಿರಲು ಕಾರಣಗಳು

ಗಣಿತ ಇಷ್ಟು ಕಠೋರವಾಗಿದ್ದರೂ ಬ್ಯಾಂಕುಗಳು ಕಂತು ಏರಿಸುವ ಬದಲು ಅವಧಿಯನ್ನೇ ಹಿಗ್ಗಿಸುವುದಕ್ಕೆ ಹಲವು ಕಾರಣಗಳು ಸೇರಿಕೊಂಡಿವೆ.

ಮೊದಲನೆಯದು ಸಾಲಗಾರನ ಜೇಬು. ಸಾಲ ಮಂಜೂರು ಮಾಡುವಾಗ ಬ್ಯಾಂಕ್ ನೋಡುವುದು ಸಂಬಳದಲ್ಲಿ ಎಷ್ಟು ಪಾಲು ಕಂತುಗಳಿಗೆ ಹೋಗುತ್ತದೆ ಎಂಬುದನ್ನು. ಆ ಪಾಲನ್ನು ಬಹುತೇಕ ಮಿತಿಯವರೆಗೂ ಎಳೆದು ಸಾಲ ಪಡೆದವರೇ ಹೆಚ್ಚು. ಮೇಲಿನ ಉದಾಹರಣೆಯಲ್ಲಿ 240 ತಿಂಗಳ ಅವಧಿಯನ್ನೇ ಉಳಿಸಿಕೊಂಡು ಶೇ 9.5ಕ್ಕೆ ಹೋದರೆ ಕಂತು 27,964 ರೂಪಾಯಿಯಾಗುತ್ತದೆ. ತಿಂಗಳಿಗೆ 4,705 ರೂಪಾಯಿ ಹೆಚ್ಚು. ಸಂಬಳ ವರ್ಷಕ್ಕೊಮ್ಮೆ ಏರುತ್ತದೆ, ರೆಪೊ ದರ ಒಂಬತ್ತು ತಿಂಗಳಲ್ಲಿ ಆರು ಬಾರಿ ಏರಬಹುದು. ಕಂತು ಏಕಾಏಕಿ ಹೆಚ್ಚಿ ಖಾತೆಯಲ್ಲಿ ಹಣ ಸಾಲದೇ ಹೋದರೆ ಕಂತು ವಾಪಸಾಗುತ್ತದೆ, ದಂಡ ಬೀಳುತ್ತದೆ, ಸಾಲಗಾರನ ಕ್ರೆಡಿಟ್ ಅಂಕ ಇಳಿಯುತ್ತದೆ. ಬಾಕಿ 90 ದಿನ ದಾಟಿದರೆ ಬ್ಯಾಂಕ್ ಆ ಸಾಲವನ್ನು ಅನುತ್ಪಾದಕ ಎಂದು ವರ್ಗೀಕರಿಸಿ, ನಷ್ಟಕ್ಕೆಂದು ತನ್ನ ಲಾಭದಿಂದ ಹಣ ಎತ್ತಿಡಬೇಕು. ಇಪ್ಪತ್ತು ವರ್ಷ ತಪ್ಪದೆ ಕಟ್ಟಬಲ್ಲವರನ್ನು ಮೂರು ತಿಂಗಳಲ್ಲಿ ಸುಸ್ತಿದಾರರನ್ನಾಗಿಸುವುದು ಎರಡೂ ಕಡೆಗೆ ನಷ್ಟ.

ಎರಡನೆಯದು ಹಣ ಕಡಿತವಾಗುವ ವ್ಯವಸ್ಥೆ. ಹಿಂದೆ ಸಾಲಗಾರರು ಮುಂದಿನ ದಿನಾಂಕದ ಚೆಕ್ಕುಗಳ ಕಟ್ಟನ್ನೇ ಬರೆದುಕೊಡುತ್ತಿದ್ದರು. ಪ್ರತಿ ಚೆಕ್ಕಿನಲ್ಲೂ ಅದೇ ಮೊತ್ತ. ದರ ಬದಲಾದಾಗಲೆಲ್ಲ ಚೆಕ್ಕು ಬದಲಿಸುವುದು ಆಗದ ಮಾತಾಗಿತ್ತು. ಅವಧಿ ಹೆಚ್ಚಿಸಿ ಕೊನೆಯಲ್ಲಿ ಇನ್ನಷ್ಟು ಚೆಕ್ಕು ಕೇಳುವುದು ಸುಲಭವಾಗಿತ್ತು. ಈಗ ಚೆಕ್ಕಿನ ಜಾಗದಲ್ಲಿ ಎನ್‌ಎಸಿಎಚ್ ಎಂಬ ಸ್ವಯಂಚಾಲಿತ ಕಡಿತದ ಅನುಮತಿಪತ್ರ ಬಂದಿದೆ. ಅದರಲ್ಲೂ ಗರಿಷ್ಠ ಮೊತ್ತವೊಂದನ್ನು ನಮೂದಿಸಿರುತ್ತಾರೆ. ಕಂತು ಅದನ್ನು ಮೀರಿದರೆ ಹೊಸ ಅನುಮತಿ ಬೇಕು, ಹೊಸ ಸಹಿ ಬೇಕು.

ಮೂರನೆಯದು ಸಾಲದ ಒಪ್ಪಂದ. ದರ ಬದಲಾದಾಗ ಕಂತನ್ನಾಗಲಿ ಅವಧಿಯನ್ನಾಗಲಿ ಬದಲಿಸುವ ಹಕ್ಕು ಬ್ಯಾಂಕಿಗೆ ಇದೆ ಎಂಬ ಷರತ್ತಿಗೆ ಸಾಲಗಾರ ಮೊದಲ ದಿನವೇ ಸಹಿ ಹಾಕಿರುತ್ತಾನೆ. ಬ್ಯಾಂಕಿನ ಸಾಫ್ಟ್‌ವೇರ್‌ನಲ್ಲಿ ಕಂತು ಸ್ಥಿರ, ಅವಧಿ ಬದಲಾಗುವಂಥದ್ದು ಎಂದು ಮೊದಲೇ ಹೊಂದಿಸಿಟ್ಟಿರುತ್ತಾರೆ. ಹೊಸ ದರ ದಾಖಲಾದ ರಾತ್ರಿ ಲಕ್ಷಾಂತರ ಖಾತೆಗಳಲ್ಲಿ ಉಳಿದ ಕಂತುಗಳ ಸಂಖ್ಯೆ ಯಾರೂ ಕೈ ಹಾಕದೆ ತಾನಾಗಿ ಬದಲಾಗುತ್ತದೆ.

ನಾಲ್ಕನೆಯದು ಬ್ಯಾಂಕಿನ ಹೊರಗೆ ಅಷ್ಟಾಗಿ ಚರ್ಚೆಗೆ ಬಾರದ ಒಂದು ನಿಯಮ. ಸಾಲಗಾರನ ಕಷ್ಟಕ್ಕಾಗಿ ಸಾಲದ ಷರತ್ತುಗಳನ್ನು ಸಡಿಲಿಸಿದರೆ ರಿಸರ್ವ್ ಬ್ಯಾಂಕ್ ಅದನ್ನು ‘ಪುನರ್‌ರಚಿತ ಸಾಲ’ ಎಂದು ಪರಿಗಣಿಸುತ್ತದೆ. ಅದು ಬ್ಯಾಂಕಿಗೂ ಸಾಲಗಾರನಿಗೂ ಕಳಂಕ. ಆದರೆ ಬದಲಾಗುವ ದರದ ಸಾಲದಲ್ಲಿ ದರ ಮರುಹೊಂದಿಕೆಯಾದಾಗ ಕಂತನ್ನು ಹಾಗೆಯೇ ಉಳಿಸಲೆಂದು ಅವಧಿ ವಿಸ್ತರಿಸಿದರೆ, ಅದೂ ಒಂದು ವರ್ಗದ ಎಲ್ಲ ಖಾತೆಗಳಿಗೂ ಏಕರೂಪವಾಗಿ ವಿಸ್ತರಿಸಿದರೆ, ಅದನ್ನು ಪುನರ್‌ರಚನೆ ಎನ್ನಲಾಗದು ಎಂದು ಆಸ್ತಿ ವರ್ಗೀಕರಣದ ನಿಯಮಗಳೇ ಹೇಳುತ್ತವೆ. ಒಬ್ಬಿಬ್ಬರಿಗೆ ಮಾತ್ರ ಮಾಡಿಕೊಟ್ಟರೆ ಈ ರಿಯಾಯಿತಿ ಇಲ್ಲ. ಎಲ್ಲರ ಅವಧಿಯನ್ನೂ ಒಟ್ಟಿಗೆ ಹಿಗ್ಗಿಸುವುದು ಬ್ಯಾಂಕಿಗೆ ಅತ್ಯಂತ ನಿರಾಯಾಸದ ದಾರಿಯಾಗಿರುವುದಕ್ಕೆ ಇದೂ ಒಂದು ಕಾರಣ.

ಅವಧಿ ಉದ್ದವಾದಷ್ಟೂ ಬ್ಯಾಂಕಿಗೆ ಬಡ್ಡಿ ಬರುತ್ತಲೇ ಇರುತ್ತದೆ ಎಂಬುದೂ ನಿಜ. ಭದ್ರವಾದ ಅಡಮಾನವಿರುವ, ತಪ್ಪದೆ ಕಂತು ಬರುವ ಸಾಲ ಬೇಗ ಮುಗಿಯಲಿ ಎಂದು ಯಾವ ಬ್ಯಾಂಕೂ ಅವಸರಪಡುವುದಿಲ್ಲ.

ಹಿಗ್ಗಿದ ಅವಧಿಯ ಬೆಲೆ

ಎರಡು ದಾರಿಗಳ ವ್ಯತ್ಯಾಸವನ್ನು ಶೇ 8.5ರ ಸಾಲಿನಲ್ಲಿ ಹಿಡಿದು ನೋಡಬಹುದು. ದರ ಮುಂದೆ ಅಲ್ಲೇ ನಿಲ್ಲುತ್ತದೆ ಎಂದುಕೊಂಡರೆ, ಕಂತು ಬದಲಿಸದೆ 347 ತಿಂಗಳು ಕಟ್ಟಿದವರು ಒಟ್ಟು ಸುಮಾರು 80.7 ಲಕ್ಷ ಕೊಡುತ್ತಾರೆ. ಅದರಲ್ಲಿ ಬಡ್ಡಿ 50.7 ಲಕ್ಷ. ಕಂತನ್ನು 26,035 ರೂಪಾಯಿಗೆ ಏರಿಸಿಕೊಂಡು 240 ತಿಂಗಳಲ್ಲೇ ಮುಗಿಸಿದವರು ಕೊಡುವ ಬಡ್ಡಿ ಸುಮಾರು 32.5 ಲಕ್ಷ. ತಿಂಗಳಿಗೆ 2,776 ರೂಪಾಯಿಯ ಹೆಚ್ಚಳ ತಪ್ಪಿಸಿಕೊಂಡದ್ದಕ್ಕೆ ತೆರಬೇಕಾದ ಬಡ್ಡಿ 18 ಲಕ್ಷಕ್ಕಿಂತ ಹೆಚ್ಚು.

ಈ ಅಂಕಿಯನ್ನು ಸರಿಯಾಗಿ ಓದಿಕೊಳ್ಳಬೇಕು. ಅದು ದಂಡವಲ್ಲ. ತೀರಿಸದೆ ಉಳಿಸಿಕೊಂಡ ಅಸಲಿಗೆ, ಉಳಿಸಿಕೊಂಡಷ್ಟು ಕಾಲಕ್ಕೆ ಬಿದ್ದ ಬಡ್ಡಿ. ಅದರ ಬಹುಭಾಗ ಪಾವತಿಯಾಗುವುದು 20 ವರ್ಷ ಕಳೆದ ಮೇಲೆ, ಆಗಿನ ರೂಪಾಯಿಯ ಬೆಲೆ ಈಗಿನದಕ್ಕಿಂತ ಕಡಿಮೆಯಾಗಿರುತ್ತದೆ. ಆದ್ದರಿಂದ ಸದ್ಯಕ್ಕೆ ಮನೆಯಲ್ಲಿ ಹಣದ ಬಿಗಿ ಇರುವವರಿಗೆ ಅವಧಿ ಹಿಗ್ಗಿಸುವುದು ತಪ್ಪು ಆಯ್ಕೆಯೇನಲ್ಲ. ಆದರೆ ದುಡಿಮೆ ನಿಂತ ಮೇಲೂ ಕಂತು ಮುಂದುವರಿಯುವಂತಿದ್ದರೆ ಅದು ಬೇರೆಯದೇ ಅಪಾಯ.

ಇಲ್ಲಿ ಸಾಲಗಾರರಿಗೆ ಅನುಕೂಲವಾದ ಒಂದು ಅಂಶವೂ ಇದೆ. ಅವಧಿ ಹೇಗೆ ವೇಗವಾಗಿ ಹಿಗ್ಗುತ್ತದೋ ಹಾಗೆಯೇ ಅಸಲಿಗೆ ಸ್ವಲ್ಪ ಹೆಚ್ಚು ಸೇರಿಸಿದರೆ ಅಷ್ಟೇ ವೇಗವಾಗಿ ಕುಗ್ಗುತ್ತದೆ. ಅದೇ ಶೇ 8.5ರಲ್ಲಿ ಕಂತನ್ನು ಪೂರ್ತಿ 26,035ಕ್ಕೆ ಏರಿಸಲಾಗದವರು 25,000 ರೂಪಾಯಿಗೆ ಏರಿಸಿಕೊಂಡರೆ ಅವಧಿ 347ರಿಂದ 269 ತಿಂಗಳಿಗೆ ಇಳಿಯುತ್ತದೆ. 1,741 ರೂಪಾಯಿಯ ಹೆಚ್ಚಳ ಆರೂವರೆ ವರ್ಷವನ್ನು ಕಡಿದುಹಾಕುತ್ತದೆ. ಕಂತು ಏರಿಸುವ ಬದಲು ಒಮ್ಮೆಗೇ ಸುಮಾರು 3.2 ಲಕ್ಷ ರೂಪಾಯಿಯನ್ನು ಅಸಲಿಗೆ ಕಟ್ಟಿದರೆ, ಹಳೆಯ ಕಂತಿನಲ್ಲೇ ಹಳೆಯ 240 ತಿಂಗಳಿಗೆ ಮರಳಬಹುದು. ವ್ಯಕ್ತಿಗಳ ಬದಲಾಗುವ ದರದ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಬ್ಯಾಂಕುಗಳಿಗೆ ಆದೇಶಿಸಿದೆ. ಆದರೆ ಭಾಗಶಃ ಪಾವತಿ ಮಾಡುವಾಗ ‘ಕಂತು ಹಾಗೇ ಇರಲಿ, ಅವಧಿ ಕಡಿಮೆ ಮಾಡಿ’ ಎಂದು ಸ್ಪಷ್ಟವಾಗಿ ಬರೆದುಕೊಡಬೇಕು. ಇಲ್ಲದಿದ್ದರೆ ಅವಧಿ ಹಾಗೆಯೇ ಉಳಿದು ಕಂತು ಇಳಿಯುವ ಸಾಧ್ಯತೆ ಇದೆ.

ಹಿಗ್ಗಲಾಗದ ಹಂತ

ಅವಧಿ ಎಷ್ಟಾದರೂ ಹಿಗ್ಗಬಹುದು ಎಂದೇನಿಲ್ಲ. ಮೊದಲ ತಡೆ ಬ್ಯಾಂಕಿನ ನೀತಿ. ಗೃಹಸಾಲದ ಅವಧಿ ಸಾಮಾನ್ಯವಾಗಿ 30 ವರ್ಷ ಮೀರುವಂತಿಲ್ಲ, ಸಾಲಗಾರನ ವಯಸ್ಸಿಗೂ ಒಂದು ಮೇಲ್ಮಿತಿ ಇರುತ್ತದೆ. 20 ವರ್ಷಕ್ಕೆ ಸಾಲ ಪಡೆದವರಿಗೆ ಹಿಗ್ಗಲು ಇನ್ನೂ ಜಾಗವಿರುತ್ತದೆ. ಮೊದಲೇ 30 ವರ್ಷಕ್ಕೆ ಪಡೆದವರಿಗೆ, ಐವತ್ತರ ಆಸುಪಾಸಿನಲ್ಲಿ ಸಾಲ ಮಾಡಿದವರಿಗೆ ಆ ಜಾಗ ಇರುವುದಿಲ್ಲ. ಅಂಥವರ ಕಂತು ಮೊದಲ ಏರಿಕೆಗೇ ಹೆಚ್ಚಬಹುದು.

ಎರಡನೆಯ ತಡೆ ಗಣಿತದ್ದೇ. ಪಟ್ಟಿಯ ಕೊನೆಯ ಸಾಲಿನಲ್ಲಿ ತಿಂಗಳ ಬಡ್ಡಿ 23,750, ಕಂತು 23,259. ಕಂತು ಬಡ್ಡಿಗೇ ಸಾಲದು. ಕೊರತೆ ಬಿದ್ದ 491 ರೂಪಾಯಿ ಅಸಲಿಗೆ ಸೇರಿ, ಪ್ರತಿ ತಿಂಗಳು ಹಣ ಕಟ್ಟುತ್ತಿದ್ದರೂ ಸಾಲ ಬೆಳೆಯುತ್ತದೆ. ಇದನ್ನು ಋಣಾತ್ಮಕ ಮರುಪಾವತಿ ಎನ್ನುತ್ತಾರೆ. ಈ ಉದಾಹರಣೆಯ ಸಾಲಕ್ಕೆ ಆ ಗಡಿ ಬರುವುದು ಶೇ 9.3ರಲ್ಲಿ. ಆ ಗಡಿ ಮುಟ್ಟಿದ ಮೇಲೆ ಅವಧಿಯನ್ನು ಎಷ್ಟೇ ಎಳೆದರೂ ಪ್ರಯೋಜನವಿಲ್ಲ, ಕಂತು ಏರಲೇಬೇಕು.

2022-23ರಲ್ಲಿ ಇದು ಬರೀ ಕಾಗದದ ಲೆಕ್ಕವಾಗಿ ಉಳಿಯಲಿಲ್ಲ. 2022ರ ಏಪ್ರಿಲ್‌ನಲ್ಲಿ ರೆಪೊ ಮತ್ತು ಶೇ 3ರ ಅಂತರದಲ್ಲಿ ಮೇಲಿನ ಸಾಲ ಪಡೆದಿದ್ದವರ ಖಾತೆಯಲ್ಲಿ 2023ರ ಫೆಬ್ರವರಿ ಹೊತ್ತಿಗೆ ಬಾಕಿ ಅಸಲು 29.7 ಲಕ್ಷದಷ್ಟು ಇರುತ್ತಿತ್ತು. ಹತ್ತು ಕಂತುಗಳಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಕಟ್ಟಿದರೂ ಅಸಲು ಕರಗಿದ್ದು ಸುಮಾರು ಮೂವತ್ತು ಸಾವಿರ. ದರ ಶೇ 9.5 ಆದಾಗ ತಿಂಗಳ ಬಡ್ಡಿ 23,500ರ ಹತ್ತಿರ ಬಂದು, ಕಂತನ್ನು ಮೀರಿಯೇ ಬಿಡುತ್ತಿತ್ತು.

2023ರ ನಿಯಮ

ಬ್ಯಾಂಕುಗಳು ಸಾಲಗಾರರ ಸರಿಯಾದ ಒಪ್ಪಿಗೆಯಿಲ್ಲದೆ, ತಿಳಿಸದೆ ಅವಧಿಯನ್ನು ಮಿತಿಮೀರಿ ಹಿಗ್ಗಿಸಿದ ಹಲವು ಪ್ರಕರಣಗಳು ತಪಾಸಣೆಯಲ್ಲಿ ಮತ್ತು ಸಾರ್ವಜನಿಕರ ದೂರುಗಳಲ್ಲಿ ಕಂಡುಬಂದಿವೆ ಎಂದು ಆಗಿನ ಗವರ್ನರ್ ಶಕ್ತಿಕಾಂತ ದಾಸ್ 2023ರ ಆಗಸ್ಟ್‌ನ ನೀತಿ ಪ್ರಕಟಣೆಯಲ್ಲಿ ಹೇಳಿದರು. ಅದೇ ತಿಂಗಳ 18ರಂದು ರಿಸರ್ವ್ ಬ್ಯಾಂಕ್ ಸುತ್ತೋಲೆ ಹೊರಡಿಸಿತು. 2023ರ ಡಿಸೆಂಬರ್ 31ರ ಒಳಗೆ ಹಳೆಯ ಮತ್ತು ಹೊಸ ಸಾಲಗಳೆರಡಕ್ಕೂ ಅದನ್ನು ಅನ್ವಯಿಸಬೇಕಿತ್ತು.

ಸುತ್ತೋಲೆ ಅವಧಿ ಹಿಗ್ಗಿಸುವುದನ್ನು ನಿಷೇಧಿಸಲಿಲ್ಲ, ಆಯ್ಕೆಯನ್ನು ಸಾಲಗಾರನ ಮುಂದಿಡಬೇಕು ಎಂದಿತು. ದರ ಮರುಹೊಂದಿಕೆಯಾದಾಗ ಕಂತು ಏರಿಸುವುದು, ಅವಧಿ ಹಿಗ್ಗಿಸುವುದು ಅಥವಾ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡುವುದು, ಸಾಲದ ಒಂದು ಭಾಗವನ್ನು ಅಥವಾ ಪೂರ್ತಿಯನ್ನು ಮುಂಚೆಯೇ ತೀರಿಸುವುದು, ಇವುಗಳಲ್ಲಿ ಯಾವುದು ಬೇಕೆಂದು ಸಾಲಗಾರ ಹೇಳಬಹುದು. ಅವಧಿ ವಿಸ್ತರಣೆಯಿಂದ ಋಣಾತ್ಮಕ ಮರುಪಾವತಿ ಉಂಟಾಗದಂತೆ ಬ್ಯಾಂಕ್ ನೋಡಿಕೊಳ್ಳಬೇಕು. ಸಾಲ ಕೊಡುವ ಮುಂಚೆಯೇ, ದರ ಏರಿದರೂ ತಡೆದುಕೊಳ್ಳುವಷ್ಟು ಅವಕಾಶ ಸಾಲಗಾರನ ಆದಾಯದಲ್ಲಿ ಮತ್ತು ಅವಧಿಯಲ್ಲಿ ಉಳಿದಿದೆಯೇ ಎಂದು ಪರಿಶೀಲಿಸಬೇಕು. ಕಂತು ಅಥವಾ ಅವಧಿ ಹೆಚ್ಚಿದರೆ ಕೂಡಲೇ ತಿಳಿಸಬೇಕು. ಪ್ರತಿ ತ್ರೈಮಾಸಿಕದ ಕೊನೆಗೆ ಈವರೆಗೆ ವಸೂಲಾದ ಅಸಲು ಮತ್ತು ಬಡ್ಡಿ, ಕಂತಿನ ಮೊತ್ತ, ಉಳಿದ ಕಂತುಗಳ ಸಂಖ್ಯೆ ಮತ್ತು ವಾರ್ಷಿಕ ದರ ಇರುವ ವಿವರಪಟ್ಟಿಯನ್ನು ಒದಗಿಸಬೇಕು.

ಸಾಲಗಾರ ಏನನ್ನೂ ಹೇಳದಿದ್ದರೆ ಬ್ಯಾಂಕಿನ ನೀತಿಯಂತೆ ನಡೆಯುತ್ತದೆ. ಆ ನೀತಿ ಬಹುತೇಕ ಅವಧಿಯ ಕಡೆಗೇ ವಾಲಿರುತ್ತದೆ.

ಖಾತೆಯಲ್ಲಿ ಗುರುತಿಸುವ ಬಗೆ

ಅವಧಿ ಹಿಗ್ಗಿದೆಯೇ ಎಂಬುದು ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ, ಅಲ್ಲಿ ಪ್ರತಿ ತಿಂಗಳೂ ಒಂದೇ ಮೊತ್ತ. ನೋಡಬೇಕಾದದ್ದು ತ್ರೈಮಾಸಿಕ ವಿವರಪಟ್ಟಿಯಲ್ಲಿನ ಉಳಿದ ಕಂತುಗಳ ಸಂಖ್ಯೆ. ಕಳೆದ ಬಾರಿಗಿಂತ ಮೂರು ಕಡಿಮೆಯಾಗಿರಬೇಕಾದ ಸಂಖ್ಯೆ ಹೆಚ್ಚಾಗಿದ್ದರೆ ಅವಧಿ ಹಿಗ್ಗಿದೆ ಎಂದೇ ಅರ್ಥ.

ಎರಡನೆಯ ಪರೀಕ್ಷೆಯನ್ನು ಯಾರು ಬೇಕಾದರೂ ಕ್ಯಾಲ್ಕುಲೇಟರಿನಲ್ಲಿ ಮಾಡಬಹುದು. ಬಾಕಿ ಅಸಲನ್ನು ಈಗಿನ ದರದಿಂದ ಗುಣಿಸಿ 1200ರಿಂದ ಭಾಗಿಸಿದರೆ ಒಂದು ತಿಂಗಳ ಬಡ್ಡಿ ಸಿಗುತ್ತದೆ. ಅದನ್ನು ಕಂತಿನಿಂದ ಕಳೆದರೆ ಅಸಲಿಗೆ ಹೋಗುವ ಭಾಗ. ಆ ಭಾಗ ಕಂತಿನ ಹತ್ತನೆಯ ಒಂದರಷ್ಟಕ್ಕಿಂತ ಕೆಳಗಿಳಿದಿದ್ದರೆ ಉಳಿದ ಅವಧಿ 25ರಿಂದ 30 ವರ್ಷದ ಸುತ್ತಮುತ್ತ ಅಥವಾ ಅದಕ್ಕಿಂತ ಹೆಚ್ಚು ಇದೆ ಎಂದು ತಿಳಿಯಬಹುದು, ಇನ್ನೊಂದು ಏರಿಕೆಯನ್ನು ಅವಧಿ ಒಂದೇ ತಡೆದುಕೊಳ್ಳುವುದು ಕಷ್ಟ.

ದರ ಇಳಿದಾಗ

ಇದೇ ಯಂತ್ರ ಹಿಮ್ಮುಖವಾಗಿಯೂ ತಿರುಗುತ್ತದೆ. 2025ರಲ್ಲಿ ರೆಪೊ ದರ ನಾಲ್ಕು ಬಾರಿ ಇಳಿದು, ಡಿಸೆಂಬರ್ ಹೊತ್ತಿಗೆ ಶೇ 6.50ರಿಂದ ಶೇ 5.25ಕ್ಕೆ ಬಂತು. ಕಂತು ಹಾಗೆಯೇ ಇದ್ದವರ ಖಾತೆಯಲ್ಲಿ ಬಡ್ಡಿಯ ಪಾಲು ಕುಗ್ಗಿ, ಅಸಲಿನ ಪಾಲು ಬೆಳೆದು, ಉಳಿದ ಕಂತುಗಳ ಸಂಖ್ಯೆ ಇಳಿಯುತ್ತದೆ. ಹಿಗ್ಗುವಾಗ ಕೊನೆಯ ಅರ್ಧ ಶೇಕಡಾ ಅತಿ ಹೆಚ್ಚು ತಿಂಗಳುಗಳನ್ನು ಸೇರಿಸಿತ್ತು. ಇಳಿಯುವಾಗ ಮೊದಲ ಅರ್ಧ ಶೇಕಡಾವೇ ಅತಿ ಹೆಚ್ಚು ತಿಂಗಳುಗಳನ್ನು ಕಳೆಯುತ್ತದೆ.

ಆದರೂ ಮೊದಲಿದ್ದ ಜಾಗಕ್ಕೆ ಮರಳಿ ಬರುವುದಿಲ್ಲ. ಏರಿದ್ದು ಎರಡೂವರೆ ಶೇಕಡಾ, ಇಳಿದದ್ದು ಅದರ ಅರ್ಧ. ಜೊತೆಗೆ, ದರ ಮೇಲಿದ್ದ ಸುಮಾರು ಎರಡು ವರ್ಷಗಳಲ್ಲಿ ಕರಗದೆ ಉಳಿದ ಅಸಲು ಖಾತೆಯಲ್ಲೇ ಇದೆ. ಏರಿಕೆಯ ಕಾಲದಲ್ಲಿ ಗಡಿ ಮುಟ್ಟಿ ಕಂತು ಹೆಚ್ಚಿಸಿಕೊಂಡವರು ಈಗ ಹೆಚ್ಚಿದ ಕಂತನ್ನೇ ಮುಂದುವರಿಸಿದರೆ ಸಾಲ ಬೇಗ ತೀರುತ್ತದೆ, ಕಂತು ಇಳಿಸಿಕೊಂಡರೆ ಹಿಗ್ಗಿದ ಅವಧಿ ಹಾಗೆಯೇ ಉಳಿಯುತ್ತದೆ. ದರ ಏರಿದಾಗ ಇದ್ದ ಅದೇ ಎರಡು ದಾರಿಗಳು ಇಳಿದಾಗಲೂ ಇರುತ್ತವೆ. ಯಾವುದು ಬೇಕೆಂದು ಬ್ಯಾಂಕಿಗೆ ಬರೆದು ತಿಳಿಸಿದವರ ಖಾತೆಯಲ್ಲಿ ಅದು, ಸುಮ್ಮನಿದ್ದವರ ಖಾತೆಯಲ್ಲಿ ಬ್ಯಾಂಕಿನ ನೀತಿ ಜಾರಿಯಾಗುತ್ತದೆ.